ಬದರಿಯಲ್ಲಿ ಮೂರು ಉಕ್ಕಿನ ಅನ್ನ

ನಮ್ಮತ್ತೆ ಅನ್ನ ಬೆಂದಿದೆಯೋ ಇಲ್ಲವೋ ಎಂದು ಯಾವತ್ತೂ ಬಾಯಿಗೆ ಹಾಕಿ ನೋಡಿದವರಲ್ಲ. ಎಸರು ಕಾಯಿಸಿ, ಅಕ್ಕಿ ಸುರಿದು, ಸೌಟು ಹಿಡಿದು ಪಾತ್ರೆಯ ಮುಂದೆ ನಿಲ್ಲುತ್ತಿದ್ದರು. ನೊರೆ ಅಂಚಿನವರೆಗೆ ಏರಿ ಬಂದರೆ ಅದು ಒಂದು ಉಕ್ಕು. ತಿರುವಿ ಇಳಿಸಿದ ಮೇಲೆ ಮತ್ತೆ ಏರಿದರೆ ಎರಡು, ಇನ್ನೊಮ್ಮೆ ಏರಿದರೆ ಮೂರು. ಆಮೇಲೆ ಉರಿ ತಗ್ಗಿಸಿ, ಮನಸ್ಸಿಗೆ ಬಂದಷ್ಟು ಹೊತ್ತು ಬಿಟ್ಟು, ಗಂಜಿ ಬಸಿದುಬಿಡುವರು. ಅವರ ಅನ್ನ ಒಂದು ದಿನವೂ ಕೆಟ್ಟದ್ದನ್ನು ನಾನು ಕಂಡಿಲ್ಲ. ನನ್ನದು ವಾರಕ್ಕೊಮ್ಮೆಯಾದರೂ ಮುದ್ದೆಯಾಗುತ್ತಿತ್ತು, ಅದನ್ನು ಅವರು ಅಕ್ಕಪಕ್ಕದವರಿಗೂ ಹೇಳುತ್ತಿದ್ದರು.

ರುಚಿ ನೋಡದಿರುವುದಕ್ಕೆ ಕಾರಣವಿತ್ತು. ಮಾವ ಉಣ್ಣುವ ಮುಂಚೆ ಅತ್ತೆಯ ಬಾಯಿಗೆ ಏನೂ ಹೋಗಬಾರದು. ಮಾವ ಹೋದ ಮೇಲೆ ವರ್ಷಕ್ಕೊಮ್ಮೆ ಎಡೆ ಇಡುವಾಗಲೂ ಅದೇ ಕಟ್ಟುನಿಟ್ಟು, ಎಡೆಯ ಅಡುಗೆಯನ್ನು ಮೂಸಿಯೂ ನೋಡುವಂತಿಲ್ಲ. ಮಾವ ಮಾತ್ರ ಬದುಕಿದ್ದಷ್ಟು ದಿನ ರುಚಿ ನೋಡಿ ತೀರ್ಪು ಕೊಟ್ಟೇ ಉಂಡರು. ಹಲ್ಲಿಗೆ ಒಂದು ಗಟ್ಟಿ ಅಗುಳು ಸಿಕ್ಕರೂ ಸಾಕು, ಮಾತಿಲ್ಲದೆ ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದುಬಿಡುವರು. ಆ ಅನ್ನ ನಾನು ಮಾಡಿದ್ದೇ ಆಗಿರುತ್ತಿತ್ತು. ಅತ್ತೆ ಮಾಡಿದ ಅನ್ನದ ತಟ್ಟೆಯನ್ನು ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ ತಳ್ಳಿದ್ದರಂತೆ. ಅದನ್ನು ಹೇಳುವಾಗ ಈಗಲೂ ಅತ್ತೆಯ ಮುಖ ಸಣ್ಣದಾಗುತ್ತದೆ.

ನಮ್ಮದು ಪೀಣ್ಯದ ಅಂಚಿನ ಹಳೇ ಊರು. ಹೊಲಗಳಿದ್ದ ಕಡೆ ಈಗ ಶೆಡ್ಡುಗಳಿವೆ, ಅಂಥದ್ದೊಂದು ಶೆಡ್ಡಿನಲ್ಲೇ ನನಗೆ ಕೆಲಸ. ನಾವು ಮಾಡುವುದು ಕುಕ್ಕರಿನ ತಲೆಯ ಮೇಲೆ ಕೂರುವ ವೆಯ್ಟು. ಪರೀಕ್ಷೆಯ ಕುಕ್ಕರಿನಲ್ಲಿ ನೀರು ಕುದಿಸಿ, ಹೇಳಿದಷ್ಟು ಒತ್ತಡಕ್ಕೆ ವೆಯ್ಟು ಏಳುತ್ತದೆಯೇ ಎಂದು ನೋಡಿ, ಏಳದಿದ್ದುದನ್ನು ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ ಒಮ್ಮೆ ತೆರೆದ ಪಾತ್ರೆಯ ಕುದಿನೀರಿಗೆ ಥರ್ಮಾಮೀಟರ್ ಇಳಿಬಿಟ್ಟು, ಅದು ತೊಂಬತ್ತೇಳನ್ನು ದಾಟದ್ದನ್ನು ಕಂಡು, ಕೆಟ್ಟಿದೆ ಎಂದು ಸೂಪರ್‌ವೈಸರ್ ಮುಂದೆ ತಂದಿಟ್ಟಿದ್ದೆ. ನೀರು ನೂರಕ್ಕೆ ಕುದಿಯುತ್ತದೆ ಎಂದು ಶಾಲೆಯಲ್ಲಿ ಕಲಿತದ್ದು ಮರೆತಿರಲಿಲ್ಲ.

“ಥರ್ಮಾಮೀಟರ್ ಸರಿಯಾಗೇ ಐತಮ್ಮ” ಎಂದು ಅವರು ನಕ್ಕರು. “ನಮ್ಮೂರೇ ಎತ್ತರದಲ್ಲೈತೆ. ನೂರು ಬೇಕು ಅಂದ್ರೆ ಮಂಗಳೂರಿಗೆ ಹೋಗಿ ಕುದಿಸ್ಬೇಕು. ಸಾವಿರ ಮೀಟರ್ ಮೇಲೆ ಹೋದ್ರೆ ಸುಮಾರು ಮೂರು ಡಿಗ್ರಿ ಕಮ್ಮಿ ಆಗುತ್ತೆ.”

ಆ ಮಾತು ಕಿವಿಯಲ್ಲಿ ಉಳಿದಿತ್ತು, ಆದರೆ ಅದರಿಂದ ಅಡುಗೆಮನೆಯಲ್ಲಿ ನನಗೇನೂ ಆಗಬೇಕಾಗಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅತ್ತೆ ಬದರಿಗೆ ಹೋಗಬೇಕೆಂದು ಹಟ ಹಿಡಿದರು. ಅಲ್ಲಿ ನದಿಯ ದಂಡೆಯಲ್ಲಿ ಪಿಂಡ ಇಟ್ಟರೆ ತೀರಿಹೋದವರಿಗೆ ತೃಪ್ತಿಯಾಗುತ್ತದೆ, ಮತ್ತೆ ವರ್ಷವರ್ಷ ಎಡೆ ಇಡಬೇಕಿಲ್ಲ ಎಂದು ಯಾರೋ ಹೇಳಿದ್ದರು. ತಮಗೆ ಕೈಲಾಗದ ದಿನ ಬರುವ ಮೊದಲೇ ಗಂಡನ ಊಟದ ಬಾಬತ್ತು ಮುಗಿಸಿಬಿಡಬೇಕು ಎನ್ನುವುದು ಅವರ ಲೆಕ್ಕ. ಆನೇಕಲ್ ಕಡೆ ಅವರ ತವರಿನಲ್ಲಿ ಕೆರೆ ಕೆಳಗೆ ಇನ್ನೂ ಒಂದು ತುಂಡು ಗದ್ದೆ ಉಳಿದಿದೆ. ಆ ಗದ್ದೆಯ ದಪ್ಪಕ್ಕಿ ಮಾವನಿಗೆ ಪ್ರಾಣ. ಅದನ್ನೇ ಒಂದು ಪುಟ್ಟ ಗಂಟು ಕಟ್ಟಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದರು. ನಾನು ನಮ್ಮ ಶೆಡ್ಡಿನ ವೆಯ್ಟು ಕೂರಿಸಿದ ಕುಕ್ಕರನ್ನು ಬ್ಯಾಗಿಗೆ ಹಾಕಿಕೊಂಡೆ. ಅದನ್ನು ನೋಡಿ ಅವರು ಮೂಗು ಮುರಿದರು.

ನಾನು, ನನ್ನ ಗಂಡ, ಅತ್ತೆ, ಮೂವರೇ. ಬದರಿಯ ಛತ್ರದಲ್ಲಿ ಒಂದು ಕೋಣೆ, ಅದರ ಮುಂದಿನ ಜಗಲಿಯಲ್ಲಿ ಎರಡು ಬರ್ನರಿನ ಒಂದು ಗ್ಯಾಸ್ ಒಲೆ ಸಿಕ್ಕಿತು. ತಲುಪಿದ ಸಂಜೆ ಕುಕ್ಕರಿನಲ್ಲಿ ಬೇಳೆ ಇಟ್ಟೆ. ಮನೆಯಲ್ಲಿ ಕೂಗಿಸುವಷ್ಟೇ ಕೂಗಿಸಿ ತೆರೆದರೆ ಬೇಳೆ ಇನ್ನೂ ಅರೆಬರೆ. ವೆಯ್ಟು ತನ್ನ ಪಾಲಿನ ಒತ್ತಡವನ್ನು ಹೊರಗಿನ ಗಾಳಿಯ ಒತ್ತಡದ ಮೇಲೆ ಸೇರಿಸುತ್ತದೆ. ಅಷ್ಟು ಎತ್ತರದಲ್ಲಿ ಹೊರಗಿನದೇ ಕಡಿಮೆಯಾದ್ದರಿಂದ ಒಟ್ಟು ಒತ್ತಡವೂ ಅಷ್ಟು ಕಡಿಮೆ, ಕುಕ್ಕರಿನೊಳಗಿನ ಬಿಸಿಯೂ ಅಷ್ಟು ಕಡಿಮೆ. ಇನ್ನೂ ಸ್ವಲ್ಪ ಹೊತ್ತು ಇಟ್ಟ ಮೇಲೆ ಚೆನ್ನಾಗಿ ಬೆಂದಿತು. ಅತ್ತೆ ಎರಡು ಸಲ ಬಡಿಸಿಕೊಂಡರು, ಹೊಗಳಲಿಲ್ಲ. ತೆರೆದ ಪಾತ್ರೆಯ ಅನ್ನಕ್ಕೂ ಹೀಗೇ ಆದೀತೆಂದು ನನಗೆ ಹೊಳೆಯಲಿಲ್ಲ. ಅನ್ನವನ್ನು ಅವರು ಆಗ ಮಾಡಿದ್ದರೆ ಎಲ್ಲವೂ ಅವತ್ತೇ ತಿಳಿಯುತ್ತಿತ್ತು. ಚಳಿಗೆ ಯಾರಿಗೂ ಬೇಡವಾಗಿ, ತಂದಿದ್ದ ಚಪಾತಿಯಲ್ಲೇ ಮುಗಿಸಿದೆವು.

ಮಾರನೆಯ ಬೆಳಗ್ಗೆ ಅತ್ತೆ ತಣ್ಣೀರು ಮಿಂದು, ನಡುಗುತ್ತಾ ಒಲೆಯ ಮುಂದೆ ಕೂತರು. ಗಂಟಿನಿಂದ ಅರ್ಧ ಅಕ್ಕಿ ತೆಗೆದರು. ಉಳಿದದ್ದನ್ನು, ಬೇಕಾದೀತು ಎಂದು, ಹಾಗೆಯೇ ಕಟ್ಟಿಟ್ಟರು. ಎಸರು ಭರ್ಜರಿಯಾಗಿ ಕುದಿಯಿತು. ಒಂದು ಉಕ್ಕು, ಎರಡು, ಮೂರು. ಊರಿನಲ್ಲಿ ಬಿಡುವಷ್ಟೇ ಹೊತ್ತು ಬಿಟ್ಟು, ಗಂಜಿ ಬಸಿದು, ಸೆರಗಿನಲ್ಲಿ ಮುಚ್ಚಿಟ್ಟರು. ಪಿಂಡ ಕಟ್ಟುವುದು ಹೇಗೆಂದು ಮಗ ಒಮ್ಮೆ ಕಲಿತುಕೊಳ್ಳಲಿ ಎಂದು ಅವರೇ ಒಂದು ಹಿಡಿ ತೆಗೆದು ಅವನ ಕೈಗೆ ಹಾಕಿದರು. ನನ್ನ ಗಂಡ ಹಿಚುಕಿದ. ಅಗುಳು ಒಂದಕ್ಕೊಂದು ಅಂಟದೆ ಬೆರಳುಗಳ ಸಂದಿಯಿಂದ ಉದುರಿದವು. ಒಂದನ್ನು ಉಗುರಿನಲ್ಲಿ ಸೀಳಿದ. ಹೊರಗೆ ಮೆತ್ತಗೆ, ಒಳಗೆ ಸುಣ್ಣದ ಚುಕ್ಕೆಯಷ್ಟು ಬಿಳಿ, ಗಟ್ಟಿ.

ಅತ್ತೆ ಆ ಅಗುಳನ್ನೇ ನೋಡುತ್ತಾ ಕೂತರು. “ಇಷ್ಟು ದೂರ ಬಂದ್ರೂ ತಟ್ಟೆ ತಳ್ತಾ ಅವ್ರೆ” ಎಂದರು.

ನನಗೆ ಸಿಟ್ಟು ಬಂತು. ಸತ್ತ ಮನುಷ್ಯನಿಗೆ ಇಲ್ಲದ ಕೋಪವನ್ನು ಇವರು ಯಾಕೆ ಹೊರಿಸಬೇಕು? “ಮಾವ ಏನೂ ಮಾಡಿಲ್ಲ ಅತ್ತೆ, ನೀರಿಂದು ಅದು. ಕುಕ್ಕರ್ ಕೊಡ್ತೀನಿ, ಆಗೋಗುತ್ತೆ” ಎಂದೆ.

“ಬ್ಯಾಡ. ಮುಚ್ಚಿ ಬೇಯ್ಸಿದ್ದು ಬೆಂದೈತೋ ಇಲ್ವೋ ಅಂತ ನಂಗೆ ಎಂಗೆ ಗೊತ್ತಾಗ್ಬೇಕು? ನಾನು ನೋಡ್ದೇ ಇರೋ ಅನ್ನ ಅವ್ರಿಗೆ ಇಕ್ಕಿಲ್ಲ, ಇಕ್ಕಲ್ಲ.”

ಗಂಡ ಉರಿ ಜೋರು ಮಾಡಿ ಇನ್ನೊಂದು ಪಾತ್ರೆ ನೀರಿಟ್ಟ. “ಜೋರಾಗಿ ಕುದಿಸಿದ್ರೆ ಬೇಗ ಬೇಯುತ್ತೆ ಬಿಡಮ್ಮ” ಎಂದ. ಮೆಕ್ಯಾನಿಕ್ ಕೆಲಸದವನು, ಯಾವುದಕ್ಕೂ ಎರಡು ಪಟ್ಟು ಬಲ ಹಾಕಿದರೆ ಆಯಿತು ಎನ್ನುವ ನಂಬಿಕೆ ಅವನದು.

ನಾನು ಹೋಗಿ ಉರಿ ಇಳಿಸಿದೆ. “ಜೋರು ಮಾಡಿದ್ರೆ ನೀರು ಬೇಗ ಬತ್ತೋಗುತ್ತೆ, ಬಿಸಿ ಜಾಸ್ತಿ ಆಗಲ್ಲ ಕಣ್ರೀ. ಅದು ಕುದಿಯೋಕೆ ಶುರು ಮಾಡಿದ್ ಮೇಲೆ ಅಷ್ಟೇ ಬಿಸಿ.”

ಅತ್ತೆ ತಲೆಯೆತ್ತಿ ನನ್ನನ್ನೇ ನೋಡಿದರು. “ಎಂಗೆ?”

ಶೆಡ್ಡಿನಲ್ಲಿ ಯಾರೂ ನನ್ನನ್ನು ಕೇಳದ ಪ್ರಶ್ನೆ ಅದು. ತೋಚಿದಂತೆ ಹೇಳಿದೆ. ನೀರಿನ ಮೇಲೆ ಗಾಳಿಯ ಭಾರ ಕೂತಿರುತ್ತದೆ. ನೀರು ಆವಿಯಾಗಿ ಏಳಬೇಕಾದರೆ ಆ ಭಾರವನ್ನು ತಳ್ಳುವಷ್ಟು ಬಿಸಿಯಾಗಬೇಕು. ಊರಿನಲ್ಲಿ ಭಾರ ಜಾಸ್ತಿ, ಅದಕ್ಕೆ ತೊಂಬತ್ತೇಳರವರೆಗೆ ಕಾಯುತ್ತದೆ. ಇಲ್ಲಿ ನಮ್ಮ ತಲೆಯ ಮೇಲಿರುವ ಗಾಳಿ ಕಡಿಮೆ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದೂ ಅದಕ್ಕೇ. ತಳ್ಳುವುದು ಸುಲಭ, ತೊಂಬತ್ತರ ಹತ್ತಿರಕ್ಕೇ ಕುದಿದು ಬಿಡುತ್ತದೆ. ಅಕ್ಕಿಗೆ ಸಿಗುವ ಬಿಸಿ ಅಷ್ಟೇ. ಹಾಗಾಗಿ ಬೇಯಲು ಹೊತ್ತು ಹಿಡಿಯುತ್ತದೆ.

ಅತ್ತೆ ಪಾತ್ರೆಯಲ್ಲಿ ಕೊತಕೊತ ಎನ್ನುತ್ತಿದ್ದ ನೀರನ್ನು ನೋಡಿದರು. “ಅಂಗಾರೆ ಇದು ಕುದೀತಾ ಐತೆ, ಆದ್ರೆ ಸರಿಯಾಗಿ ಕಾದಿಲ್ಲ.”

“ಹ್ಞೂಂ ಅತ್ತೆ.”

“ನಿಮ್ಮಾವನ ಥರ” ಎಂದರು. ಆ ಬೆಳಗ್ಗೆ ಮೊದಲ ಸಲ ಅವರ ತುಟಿ ಅಲುಗಿತು. “ಕುದಿಯೋದು ಮಾತ್ರ ಬಲು ಬೇಗ. ಒಳಗೆ ಬಿಸೀನೇ ಇರ್ತಿರ್ಲಿಲ್ಲ.”

ಗಂಡ ಬೇರೆ ಕಡೆ ತಿರುಗಿ ಕೆಮ್ಮಿದ.

ಉಳಿದದ್ದು ಗಂಟಿನ ಇನ್ನರ್ಧ ಅಕ್ಕಿ ಮಾತ್ರ. ಅದೂ ಕೆಟ್ಟರೆ ಅಂಗಡಿಯ ಅಕ್ಕಿಯೇ ಗತಿ, ಮಾವನ ಕೊನೆಯ ಊಟ ಅವರ ಇಷ್ಟದ ಅಕ್ಕಿಯದಾಗುವುದಿಲ್ಲ. ಕ್ರಿಯೆ ಮಾಡಿಸುವ ಪಂಡಿತರು ಬಂದು ಇಣುಕಿದರು. ಗಂಡ ತನ್ನ ಪೀಣ್ಯದ ಹಿಂದಿಯಲ್ಲಿ ಕಷ್ಟ ಹೇಳಿಕೊಂಡ. ಇಲ್ಲಿ ಎಲ್ಲರಿಗೂ ಹೀಗೇ ಆಗುತ್ತದೆ, ನಿಧಾನವಾಗಿ ಬನ್ನಿ, ಕಾಯುತ್ತೇನೆ ಎಂದು ಅವರು ಹೋದರು.

ನಾನು ಹೇಳಿದಂತೆ ಅತ್ತೆ ಅಕ್ಕಿಯನ್ನು ತೊಳೆದು ಬೆಚ್ಚಗಿನ ನೀರಿನಲ್ಲಿ ನೆನೆಯಿಟ್ಟರು. ಆಮೇಲೆ ತಮ್ಮ ಪಾತ್ರೆಯಲ್ಲೇ, ತಮ್ಮ ಕಣ್ಣೆದುರೇ ಇಟ್ಟರು. ತಟ್ಟೆ ಮುಚ್ಚಿ, ಆಗಾಗ ಸರಿಸಿ ನೋಡಿದರು. ಮೂರು ಉಕ್ಕು ಬಂದು ಹೋಯಿತು. ಅವರ ಕೈ ಅಭ್ಯಾಸಕ್ಕೆ ಗಂಜಿ ಬಸಿಯುವ ಬಟ್ಟೆಯ ಕಡೆ ಹೋಯಿತು, ತಡೆದುಕೊಂಡರು. ನೀರು ಬತ್ತಿದಂತೆಲ್ಲ ನಾನು ಪಕ್ಕದ ಕುಕ್ಕರಿನಿಂದ ಕುದಿನೀರು ಸೇರಿಸುತ್ತಿದ್ದೆ. ನನ್ನ ಕುಕ್ಕರಿಗೆ ಆವತ್ತು ಸಿಕ್ಕ ಮರ್ಯಾದೆ ಅಷ್ಟೇ, ನೀರು ಕಾಯಿಸುವ ಪಾತ್ರೆಯ ಮರ್ಯಾದೆ. ಉಕ್ಕನ್ನು ಎಣಿಸುವುದನ್ನು ಅತ್ತೆ ಬಿಟ್ಟರು. ಕೂತಲ್ಲೇ, ಹೊಲ ಮಾರಿದ್ದು, ಮಾವ ಆಸ್ಪತ್ರೆಯಲ್ಲಿ ಬರೀ ಗಂಜಿ ಕುಡಿದದ್ದು, ಕೊನೆಯ ದಿನಗಳಲ್ಲಿ ಹಲ್ಲಿಲ್ಲದೆಯೂ ಅನ್ನ ಗಟ್ಟಿಯಾಗಿದೆ ಎಂದು ಬೈದದ್ದು, ಒಂದೊಂದನ್ನೇ ಹೇಳಿದರು. ಅಷ್ಟು ಮಾತನ್ನು ಅವರ ಬಾಯಿಂದ ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ನನಗೆ ಆ ಅನ್ನ ಇನ್ನೂ ಸ್ವಲ್ಪ ನಿಧಾನವಾಗಿಯೇ ಬೇಯಲಿ ಅನಿಸಿತು.

ಕೊನೆಗೆ ಒಂದು ಅಗುಳು ತೆಗೆದು ಬೆರಳಿನ ನಡುವೆ ಒತ್ತಿದರು. ಮತ್ತೊಂದು ತೆಗೆದು ಒತ್ತಿದರು. “ಏನೂ ಗೊತ್ತಾಯ್ತಿಲ್ವಲ್ಲ. ಬೆರಳೆಲ್ಲ ಜೋಮು ಹಿಡ್ದೈತೆ.”

ನಾನು ಒತ್ತಿ ನೋಡುತ್ತೇನೆ ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ. ಅಗುಳನ್ನು ಅಂಗೈಯಲ್ಲಿಟ್ಟುಕೊಂಡು ಒಂದು ಕ್ಷಣ ನದಿಯ ಸದ್ದು ಬರುತ್ತಿದ್ದ ಕಡೆ ನೋಡಿದರು. ಆಮೇಲೆ ಅದನ್ನು ಬಾಯಿಗೆ ಹಾಕಿಕೊಂಡು ಮುಂದಿನ ಹಲ್ಲಿನಲ್ಲಿ ಮೆಲ್ಲಗೆ ಕಚ್ಚಿದರು.

ನಾನೂ ಗಂಡನೂ ಕಣ್ಣು ಬಿಟ್ಟುಕೊಂಡು ನೋಡಿದೆವು. ಅತ್ತೆ ನುಂಗಿದರು.

“ಬೆಂದೈತೆ” ಎಂದರು. ಆಮೇಲೆ, ನಮಗೆ ಹೇಳಿದಂತೆಯೂ ಅಲ್ಲ, “ಮದ್ವೆ ಆದಾಗ್ನಿಂದ ಅವ್ರು ಉಂಡ್ಮೇಲೇ ಉಂಡಿವ್ನಿ. ಇವತ್ತೊಂದು ಅಗುಳು ಮುಂಚೆ ಆಯ್ತು. ಬೈಕೊಂಡ್ರೆ ಬೈಕೊಳ್ಳಲಿ, ಗಟ್ಟಿದು ಮಾತ್ರ ಇಕ್ಕಲ್ಲ” ಎಂದರು.

ನದಿಯ ದಂಡೆಯಲ್ಲಿ ಗಂಡ ಪಿಂಡ ಕಟ್ಟಿದ. ಈ ಸಲ ಅನ್ನ ಅಂಟಿಕೊಂಡು, ದುಂಡಗೆ, ಇಟ್ಟಲ್ಲೇ ನಿಂತಿತು. ಪಂಡಿತರು ಹೇಳಿದ್ದನ್ನೆಲ್ಲ ಅವನು ತಪ್ಪು ತಪ್ಪಾಗಿ ಹೇಳುತ್ತಿದ್ದ. ಅತ್ತೆ ಹಿಂದೆ ನಿಂತಿದ್ದರು. ಅವರು ಹಿಮದ ಬೆಟ್ಟವನ್ನೂ ನೋಡಲಿಲ್ಲ, ದೇವಸ್ಥಾನದ ಕಡೆಗೂ ತಿರುಗಲಿಲ್ಲ. ನಮ್ಮ ಮನೆಯ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಮಾವನ ತಟ್ಟೆಯನ್ನು ನೋಡುತ್ತಿದ್ದ ಹಾಗೆ ಆ ಅನ್ನವನ್ನೇ ನೋಡುತ್ತಿದ್ದರು. ಎಲ್ಲ ಮುಗಿದು, ಅದನ್ನು ನೀರಿಗೆ ಬಿಡುವವರೆಗೂ ಅಲುಗಲಿಲ್ಲ.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ತಳ್ಳಲಿಲ್ಲ” ಎಂದರು.