ವಿರುಪಣ್ಣನ ಎದುರು ನಕ್ಕವರು ಯಾರು

ದೆವ್ವ, ಆತ್ಮ ಅಂತ ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಇಂಥವನ್ನೆಲ್ಲ ಕೆಲಸವಿಲ್ಲದವರು ಹೊತ್ತು ಕಳೆಯಲು ಹುಟ್ಟಿಸುತ್ತಾರೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಈಗಲೂ ದೆವ್ವ ಉಂಟು ಅಂತ ನಾನು ಹೇಳುತ್ತಿಲ್ಲ. ಒಂದು ಮಧ್ಯಾಹ್ನ ನನ್ನ ಕಿವಿಗೆ ಬಿದ್ದದ್ದನ್ನು ಹೇಳುತ್ತೇನೆ, ನೀವೇ ಏನಾದರೂ ಅಂದುಕೊಳ್ಳಿ.

ಆಗ ಗಣಿ ಭರಾಟೆಯ ಕಾಲ. ಮರಿಯಮ್ಮನಹಳ್ಳಿಯಲ್ಲಿ ಅದಿರು ಸಾಗಿಸುವ ಲಾರಿಗಳ ಆಫೀಸೊಂದರಲ್ಲಿ ನಾನು ಮ್ಯಾನೇಜರ್. ಹೆಸರಿಗೆ ಮ್ಯಾನೇಜರ್, ಮಾಡುತ್ತಿದ್ದದ್ದು ಬೈಯುವ ಕೆಲಸ. ಹಗಲಿಡೀ ಡ್ರೈವರುಗಳನ್ನು ಬೈಯುವುದು, ಮಾಲೀಕರಿಂದ ಬೈಸಿಕೊಳ್ಳುವುದು, ಮನೆಗೆ ಹೋಗಿ ಕೆಂಪು ಧೂಳು ತೊಳೆದುಕೊಂಡು ಬೀಳುವುದು. ಎಷ್ಟು ತೊಳೆದರೂ ತಲೆದಿಂಬು ಕೆಂಪಗೇ ಇರುತ್ತಿತ್ತು. ಆ ದಿನಗಳಲ್ಲಿ ನಾನು ನಿದ್ದೆ ಮಾಡಿದ ನೆನಪೇ ಇಲ್ಲ.

ನಮ್ಮಲ್ಲಿ ಕೊಟ್ರೇಶಿ ಅಂತ ಒಬ್ಬ ಡ್ರೈವರ್ ಇದ್ದ. ಒಳ್ಳೆಯ ಕೆಲಸಗಾರ, ಆದರೆ ಬೈದರೆ ನಗುತ್ತಿದ್ದ. ನನಗೆ ಉರಿದುಹೋಗುತ್ತಿತ್ತು. "ಏನ್ ಹಲ್ ಕಿಸೀತಿ ಲೇ?" ಅಂದರೆ ನಗು ಇನ್ನೂ ಹೆಚ್ಚುತ್ತಿತ್ತು. ಬಹಳ ದಿನಗಳ ಮೇಲೆ ಅವನ ಮುಖವನ್ನು ಸರಿಯಾಗಿ ನೋಡಿದೆ. ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಮೇಲ್ದುಟಿಯ ಮೇಲೆ ಬೆವರು, ಹೆಗಲು ಕುಗ್ಗಿ ಕಿವಿಯ ಹತ್ತಿರ ಬಂದಿತ್ತು. ಹೊಡೆಯಬೇಡಿ ಅಂತ ಕೇಳಿಕೊಳ್ಳುವವನ ಮುಖ ಅದು. "ನಾ ಬೇಕಂತ ನಗಂಗಿಲ್ರಿ. ಅಂಜಿಕಿ ಆದ್ರ ಉಸಿರು ಇಲ್ಲಿ ಸಿಕ್ಕೊಂತೈತಿ," ಅಂತ ಎದೆಯ ಕೆಳಗೆ ಮುಟ್ಟಿ ತೋರಿಸಿದ್ದ. "ತಡೀಬೇಕಂದಷ್ಟು ಹೊಟ್ಟಿ ಬಿಗೀತೈತಿ, ಆಮ್ಯಾಲ ಒಡದ್ ಬಿಡ್ತೈತಿ. ಸಾಲ್ಯಾಗ ಇದಕ್ಕ ಭಾಳ ಹೊಡ್ತ ತಿಂದೀನಿ."

ಅವನಿಗೆ ಅಣ್ಣನಂತಿದ್ದವನು ವಿರುಪಣ್ಣ. ಮೊದಲು ಬೇಸಾಯ ಮಾಡಿಕೊಂಡಿದ್ದು ಆಮೇಲೆ ಲಾರಿ ಹತ್ತಿದವನು. ಇವನ ನಗು ನಿಜವಾದ ನಗು. ಹೊಟ್ಟೆತುಂಬ ನಕ್ಕು, ಕೊನೆಗೆ ನಾಲಿಗೆಯನ್ನು ಅಂಗುಳಕ್ಕೆ ಬಡಿದು ಎತ್ತು ಹೊಡೆಯುವವರ ಹಾಗೆ 'ಟಕ್' ಅನ್ನಿಸುತ್ತಿದ್ದ. ಆ ಟಕ್ ಕೇಳಿದರೆ ಆಫೀಸಿನ ಒಳಗಿದ್ದ ನನಗೂ ವಿರುಪಣ್ಣ ಬಂದ ಅಂತ ಗೊತ್ತಾಗುತ್ತಿತ್ತು.

ಸಂಡೂರಿನ ಹತ್ತಿರ ಲಾರಿಗಳು ಸಾಲುಗಟ್ಟಿ ನಿಂತಿದ್ದ ಒಂದು ಬೆಳಿಗ್ಗೆ ವಿರುಪಣ್ಣ ಕ್ಯಾಬಿನ್ನಿನಲ್ಲೇ ಹೋಗಿಬಿಟ್ಟಿದ್ದ. ಎದೆಬಡಿತ ನಿಂತಿತ್ತು ಅಂದರು ಡಾಕ್ಟರು. ಮನೆಗೆ ಸುದ್ದಿ ಮುಟ್ಟಿಸಲು ಕೊಟ್ರೇಶಿ ಬೈಕ್ ಹತ್ತಿ ಮುಂದೆ ಬಂದ. ಆಗ ವಿರುಪಣ್ಣನ ಹೆಂಡತಿ ಗಂಗಮ್ಮ ರೊಟ್ಟಿ ಬಡಿಯುತ್ತಿದ್ದಳಂತೆ. ಇವನು ಬಾಗಿಲಲ್ಲಿ ನಿಂತು "ಅತ್ತಿಗಿ, ಅಣ್ಣ ಹೋಗ್ಬಿಟ್ಟ" ಅಂದವನೇ ನಕ್ಕುಬಿಟ್ಟ. ಇವರಿಬ್ಬರೂ ಸೇರಿ ಮಾಡುವ ಚೇಷ್ಟೆ ಅವಳಿಗೆ ಗೊತ್ತೇ ಇತ್ತು. "ಹೋಗ್ಲೇ, ನಿಮ್ಮಣ್ಣನ್ನ ಊಟಕ್ಕ ಕರ್ಕೊಂಬಾ" ಅಂತ ತಾನೂ ನಕ್ಕು ಮತ್ತೆರಡು ರೊಟ್ಟಿ ಬಡಿದಿದ್ದಾಳೆ. ಹೆಣ ಹೊತ್ತ ಟೆಂಪೋ ಬಂದು ನಿಂತಾಗಲೇ ಅವಳು ಎದ್ದದ್ದು.

ನಾನು ಹೋಗುವ ಹೊತ್ತಿಗೆ ಗಂಗಮ್ಮ ಕಲ್ಲಿನ ಹಾಗೆ ಕೂತಿದ್ದಳು. ಒಂದು ಹನಿ ಕಣ್ಣೀರಿಲ್ಲ. ಹೆಂಗಸರು ಅವಳ ಕೆನ್ನೆ ತಟ್ಟಿ, ಅಳು ತಾಯಿ, ಅತ್ತುಬಿಡು ಅನ್ನುತ್ತಿದ್ದರು. ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಅಂವ ನನ್ನನ್ನೂ ನಗಿಸಿದ್ನಲ್ರಿ. ಇವ್ರು ಸತ್ತಿದ್ರು, ನಾ ನಕ್ಕೊಂತ ರೊಟ್ಟಿ ಬಡ್ದೆ. ಅವನ್ನ ಒಳಗ ಬಿಡಬ್ಯಾಡ್ರಿ, ಮಣ್ಣಿಗೂ ಬರೋದು ಬ್ಯಾಡ." ಕೊಟ್ರೇಶಿ ಬೀದಿಯಾಚೆ ಬೇವಿನ ಮರದ ಕೆಳಗೆ ನಿಂತಿದ್ದ. ಅಣ್ಣನಿಗೆ ಹೆಗಲು ಕೊಡಬೇಕು ಅನ್ನುವುದೊಂದೇ ಅವನ ಆಸೆ. "ಒಂದ್ ಮಾತ್ ಹೇಳ್ರಿ ಮ್ಯಾನೇಜರ್ರ," ಅಂತ ನನ್ನ ಕೈ ಹಿಡಿದುಕೊಂಡ. ಹೇಳುವ ಶಕ್ತಿ ನನಗಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಒಂದು ಗೋಡೆ ಸಿಕ್ಕರೆ ಒರಗಿ ಮಲಗುವಷ್ಟು ಆಯಾಸವಾಗಿತ್ತು.

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ವಿರುಪಣ್ಣನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಬಾಯಿ ತೆರೆಯದ ಹಾಗೆ ಗಲ್ಲದಿಂದ ನೆತ್ತಿಗೆ ಬಟ್ಟೆ ಬಿಗಿದಿದ್ದರು. ಬಂದವರೆಲ್ಲ ಅವನ ಮುಖಕ್ಕೆ ಮುಖ ಕೊಟ್ಟು ಕೂರಬೇಕು. ಭಜನೆಯವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದರು. ಆ ಸದ್ದಿಲ್ಲದ ಹೊತ್ತಿನಲ್ಲಿ ಕೊಟ್ರೇಶಿ ಒಳಗೆ ಬಂದುಬಿಟ್ಟ.

ಎಲ್ಲರೂ ತಿರುಗಿ ನೋಡಿದರು. ಅದೇ ತಪ್ಪಾಯಿತು. ಅಷ್ಟು ಕಣ್ಣುಗಳು ಒಟ್ಟಿಗೆ ಬಿದ್ದಾಗ ಅವನ ಹೊಟ್ಟೆ ಅದುರಿದ್ದು ನನಗೆ ಕಾಣಿಸಿತು. ಟವೆಲ್ಲನ್ನು ಬಾಯಿಗೆ ತುರುಕಿಕೊಂಡ, ತುಟಿ ಕಚ್ಚಿದ. ಮೂಗಿನಿಂದ ಪುಸ್ ಪುಸ್ ಅಂತ ಉಸಿರು ಬಂತು, ಆಮೇಲೆ ನಗು ಕಿತ್ತುಕೊಂಡು ಬಂತು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಒದೀರಿ ಅವನ್ನ!" ಅಂತ ಇಬ್ಬರು ಎದ್ದರು.

ಆಗ ಇನ್ನೊಂದು ನಗು ಕೇಳಿಸಿತು. ಗೋಡೆಯ ಕಡೆಯಿಂದ, ವಿರುಪಣ್ಣ ಕೂತಿದ್ದ ಕಡೆಯಿಂದ. ಚಿಕ್ಕದು, ಹೊಟ್ಟೆಯೊಳಗಿನದು. ಅದರ ಕೊನೆಗೆ ಸ್ಪಷ್ಟವಾಗಿ, ಟಕ್.

ಎದ್ದವರು ಹಾಗೇ ನಿಂತರು. ಗಂಗಮ್ಮ ಗಂಡನ ಮುಖ ನೋಡಿದಳು. "ನೀವೂ ನಗ್ತೀರೇನ್ರೀ?" ಅಂದಳು. ಅಂದವಳೇ ತಾನೂ ನಕ್ಕಳು. ಒಂದೆರಡು ಸಲ ಉಸಿರು ಜಗ್ಗಿ ನಕ್ಕಳು, ಅದೇ ಉಸಿರಿನಲ್ಲಿ ನಗು ಮುರಿದು ಅಳುವಾಯಿತು. ಅಯ್ಯೋ, ಅದೆಂಥ ಅಳು! ಬೆಳಗಿನಿಂದ ಕಟ್ಟಿಕೊಂಡಿದ್ದೆಲ್ಲ ಹೊರಬಂತು. ಅಳುತ್ತಲೇ ಕೊಟ್ರೇಶಿಯತ್ತ ಕೈ ಚಾಚಿ, "ಬಾರೋ, ನಿಮ್ಮಣ್ಣ ಕರ್ಯಾಕತ್ತಾನ" ಅಂದಳು. ಸಂಜೆ ಅವನೇ ಮೊದಲು ಹೆಗಲು ಕೊಟ್ಟ. ಹಳ್ಳದ ಪಕ್ಕದ ಮಣ್ಣು ಮಾಡುವ ಜಾಗದವರೆಗೂ ಹೆಗಲು ಬದಲಿಸಲಿಲ್ಲ.

ಹೊಸಪೇಟೆಯಲ್ಲಿ ನನಗೆ ಪರಿಚಯದ ಡಾಕ್ಟರೊಬ್ಬರಿಗೆ ಇದನ್ನು ಹೇಳಿದೆ. ಅವರಿಗೆ ಏನೂ ಆಶ್ಚರ್ಯವಾಗಲಿಲ್ಲ. ಇಂಥ ನಗು ಸಂತೋಷದ್ದಲ್ಲ, ಮನಸ್ಸು ಹೊರಲಾರದ್ದನ್ನು ದೇಹ ಹೀಗೆ ಇಳಿಸಿಕೊಳ್ಳುತ್ತದೆ ಅಂದರು. ನಾವು ಬೇಕೆಂದು ನಗುವ ನಗು ಬೇರೆ, ತಾನಾಗಿ ನುಗ್ಗುವ ನಗು ಬೇರೆ. ಎರಡನೆಯದು ಮೆದುಳಿನ ಹಳೆಯ ಭಾಗದ ಕೆಲಸ, ನಮ್ಮ ಅಪ್ಪಣೆ ಕೇಳುವುದಿಲ್ಲ. ಅಳುವುದಕ್ಕೂ ನಗುವುದಕ್ಕೂ ಬೇಕಾದದ್ದು ಅದೇ ಎದೆ, ಅದೇ ಹೊಟ್ಟೆಯ ಸ್ನಾಯು, ಹಾಗಾಗಿ ಒಂದು ಇನ್ನೊಂದಕ್ಕೆ ಜಾರುತ್ತದೆ. ನಿದ್ದೆಗೆಟ್ಟವರಿಗೆ ತಡೆಯುವ ಶಕ್ತಿ ಇನ್ನೂ ಕಡಿಮೆ. ಒಬ್ಬರು ನಕ್ಕರೆ ಪಕ್ಕದವರಿಗೂ ಅಂಟುತ್ತದೆ.

"ಸರಿ, ಗೋಡೆ ಕಡೆಯಿಂದ ಬಂದದ್ದು?" ಅಂದೆ.

ಹೆಣದ ಎದೆಯಲ್ಲಿ ಉಳಿದ ಗಾಳಿ ಕೆಲವೊಮ್ಮೆ ಸದ್ದು ಮಾಡುತ್ತದೆ ಅಂದರು. ಬಾಯಿ ಬಿಗಿದು ಕಟ್ಟಿತ್ತಲ್ಲ, ಆ ಟಕ್ ಹೇಗೆ ಬಂತು ಅಂದೆ. ಅವರು, "ಗೋಡೆ ಪಕ್ಕ ಯಾರು ಕೂತಿದ್ರು?" ಅಂತ ಕೇಳಿದರು. ಕೂತಿದ್ದವನು ನಾನು. ಒರಗಲು ಜಾಗ ಸಿಕ್ಕಿತ್ತೆಂದು ವಿರುಪಣ್ಣನ ಮಗ್ಗುಲಲ್ಲೇ ಒರಗಿದ್ದೆ. ನನಗೆ ಸಿಟ್ಟು ಬಂತು. ನಾನು ನಕ್ಕಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ? ಜೀವಮಾನದಲ್ಲಿ ಎತ್ತು ಹೊಡೆದವನಲ್ಲ ನಾನು, ನನಗೆ ಆ ಸದ್ದು ಮಾಡಲೂ ಬರುವುದಿಲ್ಲ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಪ್ರಯತ್ನಿಸಿದೆ, ಬರಲಿಲ್ಲ.

ಗಣಿ ನಿಂತಿತು, ಆಫೀಸು ಮುಚ್ಚಿತು, ಅದನ್ನೆಲ್ಲ ಮರೆತೂ ಇದ್ದೆ. ಮೊನ್ನೆ ಕಂಪ್ಲಿಯಿಂದ ಫೋನು ಬಂತು, ನನ್ನ ಒಡಹುಟ್ಟಿದ ಅಣ್ಣ ಹೋದನೆಂದು. ಫೋನು ಹಿಡಿದುಕೊಂಡೇ ನಾನು ನಕ್ಕೆ. ತಡೆಯಲು ಆಗಲೇ ಇಲ್ಲ. ಒಳಗಿನಿಂದ ಓಡಿಬಂದ ನನ್ನ ಹೆಂಡತಿ, ವಿರುಪಣ್ಣನನ್ನು ಕಂಡೇ ಇರದವಳು, ಗಾಬರಿಯಿಂದ ಕೇಳಿದಳು:

"ನಗ್ತೀರಿ ಯಾಕ್ರೀ? ಕೊನಿಗೆ ಅದೇನದು, ಎತ್ತು ಹೊಡ್ದಂಗ?"