ಅರ್ಥಿಂಗ್ ಸಹಿತ ಒಂದು ಸೆಟ್

ಕಡೂರು ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಪಹಣಿ ಜೆರಾಕ್ಸ್ ಮಾಡಿಸುವವರು ಬರುತ್ತಾರೆ, ಅರ್ಜಿ ಬರೆಸುವವರು ಬರುತ್ತಾರೆ, ಕೊಟೇಶನ್ ಮಾಡಿಸುವವರೂ ಬರುತ್ತಾರೆ. ಈ ಕೊನೆಯವರ ಮೇಲೆ ನನಗೆ ವಿಶೇಷ ಗೌರವ. ಬೇರೆ ಕಡೆ ಪ್ರಮಾಣವನ್ನು ದರದಿಂದ ಗುಣಿಸಿದರೆ ಮೊತ್ತ ಬರುತ್ತದಂತೆ. ನಮ್ಮಲ್ಲಿ ಮೊತ್ತ ಮೊದಲು ಹುಟ್ಟುತ್ತದೆ. ಅದಕ್ಕೆ ಒಪ್ಪುವ ಪ್ರಮಾಣವನ್ನೂ ದರವನ್ನೂ ಆಮೇಲೆ ನಾನು ಹುಡುಕಿಕೊಡಬೇಕು.

ಆ ದಿನ ಬಂದವನು ಬೀರೂರು ರಸ್ತೆಯ ಎಲೆಕ್ಟ್ರಿಷಿಯನ್. ಮಾತಿನ ಮಲ್ಲ. ಅವನು ಕಾಲಿಡದಿದ್ದರೆ ಅರ್ಧ ತಾಲ್ಲೂಕು ಕತ್ತಲಲ್ಲಿ ಕೂತಿರುತ್ತಿತ್ತು ಎಂದು ಅವನೇ ಹೇಳುತ್ತಾನೆ. ಲಗ್ನಪತ್ರಿಕೆಯ ಕವರಿನ ಹಿಂದೆ ಬರೆದುಕೊಂಡಿದ್ದ ಅಂದಾಜನ್ನು ನನ್ನ ಮುಂದಿಟ್ಟ. ನಮ್ಮೂರ ಸಮುದಾಯ ಭವನದ ವೈರಿಂಗ್ ರಿಪೇರಿಯದು. ಬೋರ್ಡು, ವೈರು, ಅರ್ಥಿಂಗು, ಕೂಲಿ, ಎಲ್ಲಾ ಸೇರಿ ಮೂವತ್ತು ಸಾವಿರ.

"ಕಮಿಟಿಯೋರು ಇದನ್ನ ಮುಟ್ಟಲ್ಲ ಅಂದ್ರು ಕಣಕ್ಕ. ಕಾಲಂ ಹಾಕಿದ ಕೊಟೇಶನ್ ಬೇಕಂತೆ."

ಬೇರೆ ಕಟ್ಟಡದ ಕೆಲಸವಾಗಿದ್ದರೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ಭವನದ ಅಡುಗೆಮನೆಯಲ್ಲಿ ಮದುವೆ ದಿನಗಳಲ್ಲಿ ರುಬ್ಬುವ ಕೆಲಸ ನನ್ನ ಅತ್ತಿಗೆಯದು. ಅಲ್ಲಿನ ದೊಡ್ಡ ಗ್ರೈಂಡರ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಅವಳು ಒಂದು ವರ್ಷದಿಂದ ಹೇಳುತ್ತಿದ್ದಳು. ಕಾಲಡಿ ನೀರು, ಕೈಯಲ್ಲಿ ಹಿಟ್ಟು, ಎದುರಿಗೆ ಕರೆಂಟು. "ಒಣಗಿದ ಗೋಣಿಚೀಲದ ಮೇಲೆ ನಿಂತ್ಕೊಂತೀನಿ, ಏನಾಗಲ್ಲ" ಎಂದು ನಗುತ್ತಿದ್ದಳು. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೂತು ಕಾಲಂ ಹಾಕಿದೆ. ಕ್ರಮ ಸಂಖ್ಯೆ, ವಿವರ, ಪ್ರಮಾಣ, ದರ, ಮೊತ್ತ. ವೈರು ಎಷ್ಟು ಎಂದರೆ "ಬೇಕಾದಷ್ಟು" ಎಂದ. ಬೇಕಾದಷ್ಟು ಎಂದು ಟೈಪ್ ಮಾಡಲಾಗುವುದಿಲ್ಲ ಎಂದೆ. ಕಡೆಗೆ ಮೂರು ಕಾಯಿಲ್ ಎಂದಾಯಿತು, ಕಾಯಿಲಿಗೆ ಎರಡು ಸಾವಿರದ ಆರುನೂರರಂತೆ ಏಳು ಸಾವಿರದ ಎಂಟುನೂರು. ಅರ್ಥಿನ ಹಸಿರು ವೈರು ಬೇರೆ, ಅಡುಗೆಮನೆಯ ಸಾಕೆಟ್ಟು ಬೇರೆ. ಕೂಲಿಯನ್ನು ಪಾಯಿಂಟ್ ಲೆಕ್ಕಕ್ಕೆ ತಂದೆ: ಇಪ್ಪತ್ತೆರಡು ಪಾಯಿಂಟ್, ತಲಾ ಮುನ್ನೂರು. ಮೇನ್ ಬೋರ್ಡ್ ನಾಲ್ಕು ಸಾವಿರದ ಇನ್ನೂರು. ಕರೆಂಟು ಸೋರಿದ ತಕ್ಷಣ ಲೈನ್ ತಾನೇ ಕಡಿಯುವ ಆರ್‌ಸಿಸಿಬಿ ಎರಡು ಸಾವಿರದ ನಾನೂರು. ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು, ಉಪ್ಪು ತುಂಬುವ ಅರ್ಥಿಂಗ್ ಐದೂವರೆ ಸಾವಿರ. ಎಲ್ಲ ಕೂಡಿದರೆ ಇಪ್ಪತ್ತೊಂಬತ್ತು ಸಾವಿರದ ಒಂಬೈನೂರು ಬಂತು. ನೂರು ರೂಪಾಯಿ ಎಲ್ಲಿ ಹೋಯಿತೆಂದು ಅವನು ಕಂಪ್ಯೂಟರಿನ ಹಿಂದೆಲ್ಲ ಬಗ್ಗಿ ನೋಡಿದ.

ಎರಡೇ ದಿನಕ್ಕೆ ಅದೇ ಹಾಳೆ ಹಿಡಿದು ವಾಪಸ್ ಬಂದ. ಈ ಸಲ ಜೊತೆಯಲ್ಲಿ ಭವನದ ಅಧ್ಯಕ್ಷರೂ ಇದ್ದರು. ಕೊಬ್ಬರಿ ವ್ಯಾಪಾರದವರು, ತೂಕದಲ್ಲಿ ಗಟ್ಟಿಗರು. ಕವರಿನ ಮೇಲೆ 'ಎಲ್ಲಾ ಸೇರಿ' ಎಂದಿದ್ದಾಗ ಎಲ್ಲಿ ಕೈ ಹಾಕಬೇಕೆಂದು ಪಾಪ ಅವರಿಗೆ ತಿಳಿದಿರಲಿಲ್ಲ. ನಾನು ಒಂದೊಂದನ್ನೂ ಬಿಡಿಸಿ ಸಾಲಾಗಿ ಇಟ್ಟಿದ್ದೇ ತಡ, ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗೆ ಆರಿಸಿದ್ದರು. ಅರ್ಥಿಂಗಿನ ಸಾಲಿಗೆ ಕೆಂಪು ಗೆರೆ. ಆರ್‌ಸಿಸಿಬಿಗೆ ಕೆಂಪು ಗೆರೆ. ಹಾಗೆ ಉಳಿದ ಏಳು ಸಾವಿರದ ಒಂಬೈನೂರಕ್ಕೆ ಅಂಚಿನಲ್ಲಿ ಕೈಬರಹದ ಹೊಸ ಸಾಲು: ವೇದಿಕೆ ಮೇಲೆ ತೂಗುವ ಜೂಮರ್ ದೀಪ, ಒಂದು.

"ಮಣ್ಣಲ್ಲಿ ಹೂಣೋಕೆ ಐದೂವರೆ ಸಾವ್ರ ಯಾಕಮ್ಮ? ಯಾರಾದ್ರೂ ಅಗೆದು ನೋಡ್ತಾರಾ?" ಎಂದರು ಅಧ್ಯಕ್ಷರು. "ಉಪ್ಪು, ಇದ್ದಿಲು ಅಂದ್ರೆ ನಮ್ಮನೇಲೇ ಐತೆ."

"ಅಡುಗೆಮನೇಲಿ ಶಾಕ್ ಹೊಡೀತೈತಲ್ಲ ಯಜಮಾನ್ರೇ" ಎಂದ ಎಲೆಕ್ಟ್ರಿಷಿಯನ್. "ಹಳೇ ಅರ್ಥಿಂಗ್ ಪೈಪು ತುಕ್ಕು ಹಿಡಿದು ಸತ್ತೋಗೈತೆ."

"ಇಷ್ಟು ದಿನ ಯಾರಿಗೇನಾಗೈತೆ? ಮೊದ್ಲು ವೇದಿಕೆ ಚೆನ್ನಾಗಿ ಕಾಣ್ಬೇಕು. ಫೋಟೋ ಬರೋದು ಅಲ್ಲಿ ತಾನೆ."

ಅಡುಗೆಮನೆಯಲ್ಲಿ ಫೋಟೋ ತೆಗೆಸಿಕೊಳ್ಳುವವರು ಯಾರೂ ಇಲ್ಲ, ನಿಜ. ಹೊಸದಾಗಿ ಟೈಪ್ ಮಾಡಿಡುತ್ತೇನೆ, ಕಾಫಿ ಕುಡಿದು ಬನ್ನಿ ಎಂದು ಅಧ್ಯಕ್ಷರನ್ನು ಹೋಟೆಲಿಗೆ ಕಳಿಸಿದೆ. ನಂತರ ಮೂರು ಸಾಲನ್ನು ಅಳಿಸಿ ಎಲ್ಲಕ್ಕಿಂತ ಮೇಲೆ ಒಂದೇ ಸಾಲು ಮಾಡಿದೆ. 'ಮೇನ್ ಬೋರ್ಡ್ ಒದಗಿಸಿ ಅಳವಡಿಸುವುದು, ಆರ್‌ಸಿಸಿಬಿ ಮತ್ತು ಹೊಸ ಅರ್ಥಿಂಗ್ ಸಹಿತ, ಪೂರ್ಣ ಕೆಲಸ.' ಪ್ರಮಾಣ ಒಂದು ಸೆಟ್, ದರ ಹನ್ನೆರಡು ಸಾವಿರದ ನೂರು, ಮೊತ್ತವೂ ಅಷ್ಟೇ. ಕೆಳಗೆ ಜೂಮರ್ ದೀಪವನ್ನು ಅದರ ಪೂರ್ತಿ ಗೌರವದೊಂದಿಗೆ ಸೇರಿಸಿದೆ.

ಎಲೆಕ್ಟ್ರಿಷಿಯನ್ ಬೆವರಿದ. "ಸಿಕ್ಕಾಕ್ಕೊಂಡ್ರೆ ನಾನು ಕಣಕ್ಕ."

"ಯಾಕೆ ಸಿಕ್ಕಾಕ್ಕೊಂತೀಯಾ? ಒಂದಕ್ಷರನೂ ಮುಚ್ಚಿಟ್ಟಿಲ್ಲ. ಓದಿದ್ರೆ ಎಲ್ಲಾ ಐತೆ."

ಅಧ್ಯಕ್ಷರು ಬಂದು ಜೂಮರ್ ಸಾಲನ್ನು ಎರಡು ಸಲ ಓದಿದರು. ಒಂದನೇ ಸಾಲನ್ನು 'ಮೇನ್ ಬೋರ್ಡ್' ತನಕ ಓದಿದರು. ಮೊತ್ತ ಏರಿದ್ದು ಕಂಡು, ಬೋರ್ಡಿಗೆ ಬೇಕಾದ್ದೆಲ್ಲಾ ಇದರಲ್ಲೇ ಬಂತಾ ಎಂದು ಕೇಳಿದರು. ಎಲ್ಲಾ ಬಂತು ಎಂದೆ. ಸೆಟ್ ಎಂದರೆ ಒಂದು ಸಾಮಾನು, ಅರ್ಧ ಕತ್ತರಿಸಲು ಬರುವುದಿಲ್ಲ ಎಂದುಕೊಂಡರೋ ಏನೋ. ಆದರೂ ಏನೂ ಇಳಿಸದೆ ಸಹಿ ಹಾಕಿದರೆ ವ್ಯಾಪಾರಿಗೆ ಮರ್ಯಾದೆ ಇರುತ್ತದೆಯೇ? ಕೂಲಿಯಲ್ಲಿ ಪಾಯಿಂಟಿಗೆ ಐವತ್ತು ಕಡಿದು ಸಹಿ ಹಾಕಿದರು. ಎಲೆಕ್ಟ್ರಿಷಿಯನ್ ನನ್ನ ಮುಖ ನೋಡಿದ. ನಾನು ಪ್ರಿಂಟರ್ ನೋಡಿದೆ.

ಕೆಲಸ ಮುಗಿದು ಮೊದಲ ಮದುವೆ ಬಂತು. ತರೀಕೆರೆಯ ಗಂಡು, ಅಜ್ಜಂಪುರದ ಹೆಣ್ಣು. ಆರತಕ್ಷತೆಯ ಸಂಜೆ ನಾನೂ ಹೋಗಿದ್ದೆ. ಜೂಮರ್ ಜಗಮಗ ಎನ್ನುತ್ತಿತ್ತು, ಅಧ್ಯಕ್ಷರು ಅದರ ಕೆಳಗೇ ಓಡಾಡುತ್ತಿದ್ದರು. ಅಡುಗೆಮನೆಯಲ್ಲಿ ಅತ್ತಿಗೆ ಮಾರನೆಯ ದಿನದ ಇಡ್ಲಿಗೆಂದು ಗ್ರೈಂಡರಿನ ಪ್ಲಗ್ ಹೊಸ ಸಾಕೆಟ್ಟಿಗೆ ಹಾಕಿ ಸ್ವಿಚ್ ಒತ್ತಿದಳು. ಇಡೀ ಭವನ ಕತ್ತಲಾಯಿತು. ಆರ್‌ಸಿಸಿಬಿ ಹಿಡಿ ಮೇಲೆತ್ತಿದರು, ದೀಪ ಬಂತು. ಮತ್ತೆ ಸ್ವಿಚ್ ಒತ್ತಿದಳು, ಮತ್ತೆ ಕತ್ತಲು. ಗ್ರೈಂಡರಿನ ಮೋಟರು ಒಳಗೇ ಸೋರುತ್ತಿತ್ತು. ಇಷ್ಟು ದಿನ ಅವಳ ಮೈಮೇಲೆ ಹರಿಯುತ್ತಿದ್ದ ಕರೆಂಟು ಈಗ ಹಸಿರು ವೈರು ಹಿಡಿದು ಗುಂಡಿಗೆ ಹೋಗುತ್ತಿತ್ತು, ಹೋದ ಕೂಡಲೇ ಲೈನ್ ಕಡಿಯುತ್ತಿತ್ತು. ಅವಳ ಕೈಗೆ ಏನೂ ಆಗಿರಲಿಲ್ಲ. ಎಲ್ಲರಿಗೂ ಆದ ಅನಾಹುತವೆಂದರೆ ಜೂಮರ್ ಆರಿದ್ದು. ಹಿಟ್ಟನ್ನು ಬೇರೆಯವರ ಮನೆಯಲ್ಲಿ ರುಬ್ಬಿಸಿ ತಂದರು.

ಮರುದಿನವಲ್ಲ, ಅದರ ಮರುದಿನ ಅಧ್ಯಕ್ಷರು ಎಲೆಕ್ಟ್ರಿಷಿಯನ್ನನ್ನು ಎಳೆದುಕೊಂಡು ನನ್ನ ಅಂಗಡಿಗೆ ಬಂದರು. ಲೈನ್ ಕಡಿಯುವ ಆ ಹಾಳು ಸ್ವಿಚ್ಚನ್ನು ಯಾರು ಹಾಕಿದ್ದು ಎಂದರು. ನಿಮ್ಮ ಸಹಿ ಇರುವ ಒಂದನೇ ಸಾಲಿನಲ್ಲಿದೆ ಎಂದು ತೋರಿಸಿದೆ. ಈಗ ಪೂರ್ತಿ ಓದಿದರು. ಮುಖ ಕೆಂಪಾಯಿತು.

"ಆಯ್ತು. ಅದನ್ನ ತೆಗ್ದು ಡೈರೆಕ್ಟ್ ಲೈನ್ ಕೊಡೋಕೆ ಇನ್ನೊಂದು ಕೊಟೇಶನ್ ಮಾಡು. ಬರೋ ವಾರ ಇನ್ನೊಂದು ಮದ್ವೆ ಐತೆ."

ನಾನು ಟೈಪ್ ಮಾಡಿದೆ. ಒಂದನೇ ಸಾಲು: ಆರ್‌ಸಿಸಿಬಿ ತೆಗೆದು ನೇರ ಲೈನ್ ಕೊಡುವುದು, ಪ್ರಮಾಣ ಒಂದು, ದರ ಇನ್ನೂರು, ಮೊತ್ತ ಇನ್ನೂರು. ಎರಡನೇ ಸಾಲು: ಗ್ರೈಂಡರಿನಲ್ಲಿ ರುಬ್ಬುವ ಹೆಂಗಸು, ಪ್ರಮಾಣ ಒಂದು. ದರದ ಕಾಲಂ ಖಾಲಿ ಬಿಟ್ಟು ಪ್ರಿಂಟ್ ತೆಗೆದು ಅವರ ಕೈಗೆ ಕೊಟ್ಟೆ.

"ಏನಮ್ಮ ಇದು?"

"ದರ ನನಗೆ ಗೊತ್ತಿಲ್ಲ ಯಜಮಾನ್ರೇ. ನೀವು ಹೇಳಿ, ತುಂಬ್ತೀನಿ."

ಅವರು ಓದಿದರು. ಈ ಸಲ ಯಾವ ಸಾಲನ್ನೂ ಹಾರಿಸಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ನೋಡದೆ, ಎಲೆಕ್ಟ್ರಿಷಿಯನ್ ಕಡೆ ತಿರುಗಿ ಕೇಳಿದರು.

"ಗ್ರೈಂಡರ್ ಮೋಟ್ರು ಹೊಸದು ಹಾಕಿದ್ರೆ ಎಷ್ಟಾಯ್ತದಲಾ?"