ಐವತ್ತೊಂದು ಪಾತ್ರೆಗಳ ಮದುವೆ ಸೆಟ್ಟು

1984ರ ಏಪ್ರಿಲ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಯಗಟಿಯ ಈಶ್ವರಮ್ಮ ಬೀರೂರಿನ ಒಂದು ಪಾತ್ರೆ ಅಂಗಡಿಯಲ್ಲಿ ನಿಂತು ಸ್ಟೀಲ್ ಲೋಟವೊಂದರ ಬಾಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಅಂಚು ಒಳಕ್ಕೆ ಬಾಗಿತು. ಬೆರಳು ತೆಗೆದ ಮೇಲೂ ಅದು ಪೂರ್ತಿ ಮೊದಲಿನಂತಾಗಲಿಲ್ಲ. ಹಳಸಿದ ಅನ್ನದ ಪಾತ್ರೆಯ ಮುಚ್ಚಳ ತೆಗೆದವರಂತೆ ಮುಖ ಮಾಡಿಕೊಂಡು ಅವರು ಲೋಟವನ್ನು ಕೆಳಗಿಟ್ಟರು.

ಲೋಟದ ಮೇಲೆ ಆಗಲೇ ಹೆಸರು ಬಿದ್ದಿತ್ತು: ಶಂಕರಮ್ಮ, ಯಗಟಿ. ಶಂಕರಮ್ಮ ಪಕ್ಕದ ಮನೆಯ ದುರ್ಗಮ್ಮನ ಮಗಳು. ಮುಂದಿನ ತಿಂಗಳು ಅವಳನ್ನು ಅಜ್ಜಂಪುರಕ್ಕೆ ಕೊಡುವುದಿತ್ತು. ಗಂಡಿನ ಸೋದರಮಾವ ಅಂಜಿನಪ್ಪ ಮಾತುಕತೆಯ ದಿನವೇ ಹೇಳಿದ್ದ: ಐವತ್ತೊಂದು ಪಾತ್ರೆ. ಅವನ ಬೀದಿಯಲ್ಲಿ ಹಿಂದಿನ ವರ್ಷ ಬಂದ ಸೊಸೆ ಐವತ್ತು ತಂದಿದ್ದಳಂತೆ. ಮದುವೆಯಲ್ಲಿ ಪಾತ್ರೆಗಳನ್ನು ಜಮಖಾನದ ಮೇಲೆ ಹರಡಿ, ಇಷ್ಟು ಎಂದು ಎಣಿಸಿ ಕೂಗುವುದು ಆ ಮನೆಯವರ ಪದ್ಧತಿ. ದುರ್ಗಮ್ಮನ ಗಂಡ ತೀರಿ ಆರು ವರ್ಷವಾಗಿತ್ತು. ಪಾತ್ರೆಗೆಂದು ಅವಳ ಕೈಯಲ್ಲಿದ್ದದ್ದು ಎರಡು ವರ್ಷ ಕಟ್ಟಿದ ಚೀಟಿಯ ಒಂಬೈನೂರು ರೂಪಾಯಿ. ಅದು ಮುಗಿದರೆ ಮತ್ತೆ ಹುಟ್ಟುವ ದಾರಿ ಇರಲಿಲ್ಲ.

ಅಂಗಡಿಯ ಬಾಗಿಲಲ್ಲಿ ಕೆಂಪು ಅಕ್ಷರದ ಬೋರ್ಡು ತೂಗುತ್ತಿತ್ತು. ಮದುವೆ ಸೆಟ್, ಐವತ್ತೊಂದು ಪಾತ್ರೆ. ಬಿಡಿಯಾಗಿ ಕೊಂಡರೆ 1,200. ಸೆಟ್ಟಿಗೆ 900 ಮಾತ್ರ. ಬಿಂದಿಗೆ ಉಚಿತ. ಹೆಸರು ಕೆತ್ತುವುದೂ ಉಚಿತ.

ದುರ್ಗಮ್ಮ ಮೊದಲ ಬಸ್ಸಿಗೇ ಬಂದು, ಇನ್ನೂರು ರೂಪಾಯಿ ಮುಂಗಡ ಕೊಟ್ಟು, ಹೆಸರು ಕೆತ್ತಲು ಅಂಗಡಿಯ ಆಳನ್ನು ಕೂರಿಸಿಬಿಟ್ಟಿದ್ದಳು. ಕೊಬ್ಬರಿ ಮಂಡಿಯಲ್ಲಿ ಕೆಲಸ ಮುಗಿಸಿ ಈಶ್ವರಮ್ಮ ಬರುವಷ್ಟರಲ್ಲಿ ಆರು ತಟ್ಟೆ, ಆರು ಲೋಟ ಮತ್ತು ಒಂದು ಡಬರಿಯ ಮೇಲೆ ಹೆಸರಾಗಿತ್ತು. ಮೂಲೆಯಲ್ಲಿ ಕಲ್ಲೇಶಪ್ಪನ ಕೆತ್ತುವ ಮಿಷಿನ್ನು ಜೀರುಂಡೆಯಂತೆ ಗುಂಯ್‌ಗುಡುತ್ತಿತ್ತು.

"ಕಲ್ಲೇಶಪ್ಪ, ಮಿಷಿನ್ ನಿಲ್ಸಪ್ಪ."

"ಯಾಕಮ್ಮ, ಹೆಸ್ರು ತಪ್ಪಾಯ್ತಾ?"

"ಹೆಸ್ರು ಸರಿಯಾಗೈತೆ. ಪಾತ್ರೆ ನೋಡ್ಬೇಕು."

ಈಶ್ವರಮ್ಮನಿಗೆ ಆಗ ನಲವತ್ತೆಂಟು ವರ್ಷ. ಓದಿದ್ದು ನಾಲ್ಕನೇ ಕ್ಲಾಸು. ಗಂಡ ಸಿದ್ದಪ್ಪನವರು ತೋಟ ನೋಡಿಕೊಳ್ಳುತ್ತಿದ್ದರು, ಕಾಯಿ ಮಾರುವುದು ಮಾತ್ರ ಇವರೇ. ತೋಟಕ್ಕೆ ಬರುವ ವ್ಯಾಪಾರಿ ನೂರು ಕಾಯಿಗೆ ನಾಲ್ಕು ಕೊಸರು ಎಂದು ನೂರನಾಲ್ಕು ಎಣಿಸಿಕೊಂಡು ಹೋಗುತ್ತಿದ್ದ. ಈಶ್ವರಮ್ಮ ಕೊಸರಿಗೆ ಎಂದೂ ಜಗಳ ಆಡಿದವರಲ್ಲ. ಬೆಲೆ ಹೇಳುವಾಗಲೇ ನೂರನಾಲ್ಕು ಕಾಯಿಯ ದುಡ್ಡನ್ನು ನೂರರ ಬೆಲೆಯೊಳಗೆ ಸೇರಿಸಿ ಹೇಳುತ್ತಿದ್ದರು. ಪುಕ್ಕಟೆ ಕೊಡುವವರು ಅದನ್ನು ಎಲ್ಲಿಂದ ತೆಗೆದು ಕೊಡುತ್ತಾರೆ ಎನ್ನುವುದು ಅವರಿಗೆ ಕೊಡುವವರ ಕಡೆಯಿಂದಲೇ ಗೊತ್ತಿತ್ತು. ಆದ್ದರಿಂದ ಕೊಳ್ಳಲು ನಿಂತಾಗ ಉಚಿತ ಎಂಬ ಮಾತು ಕಿವಿಗೆ ಬಿದ್ದರೆ ಅವರ ಮೂಗು ಸುಕ್ಕಾಗುತ್ತಿತ್ತು.

ಎರಡು ವರ್ಷ ಹಿಂದೆ ಊರಿನ ಅಂಗಡಿಗೆ ಬಟ್ಟೆ ಸೋಪಿನ ಹೊಸ ಕಟ್ಟು ಬಂದಿತ್ತು. ಎರಡು ಸೋಪ್ ಬಾರಿನ ದುಡ್ಡು ಆರು ರೂಪಾಯಿ ಕೊಟ್ಟರೆ ಮೂರನೆಯದು ಪುಕ್ಕಟೆ. ಊರೆಲ್ಲ ಕೊಂಡಿತು. ಈಶ್ವರಮ್ಮ ಕಟ್ಟನ್ನು ತಕ್ಕಡಿಗೆ ಹಾಕಿಸಿದರು. ಮೂರೂ ಸೇರಿ ಮುನ್ನೂರತೊಂಬತ್ತು ಗ್ರಾಂ. ಬಿಡಿಯಾಗಿ ಸಿಗುತ್ತಿದ್ದ ಅದೇ ಸೋಪಿನ ಒಂದು ಬಾರು ಇನ್ನೂರು ಗ್ರಾಂ, ಬೆಲೆ ಮೂರು ರೂಪಾಯಿ. ಆರು ರೂಪಾಯಿಗೆ ಎರಡು ಬಿಡಿ ಬಾರು ಕೊಂಡವರಿಗೆ ನಾನೂರು ಗ್ರಾಂ. ಪುಕ್ಕಟೆ ಬಾರು ಪಡೆದವರಿಗೆ ಹತ್ತು ಗ್ರಾಂ ಕಡಿಮೆ. "ಥೂ, ಇದು ದಾನ ಅಲ್ಲ ಕಣೋ, ಜೇಬಿಗೆ ಕೈ ಹಾಕಿ ಬೆನ್ನು ತಟ್ಟೋದು," ಎಂದು ಅಂಗಡಿಯವನ ಎದುರೇ ಹೇಳಿ ಬಂದಿದ್ದರು.

ಎಲ್ಲವನ್ನೂ ಹಾಗೆ ಬೈಯುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಟೀ ಪುಡಿಗೆ ಗಾಜಿನ ಲೋಟ ಉಚಿತ ಎಂದು ಬಂದಾಗ ಹಿಂದಿನ ತಿಂಗಳ ಖಾಲಿ ಪೊಟ್ಟಣ ಪಕ್ಕಕ್ಕಿಟ್ಟು ನೋಡಿದರು. ಬೆಲೆ ಅದೇ, ತೂಕ ಅದೇ, ಪುಡಿಯೂ ಅದೇ. ಹೇಗೂ ಮನೆಗೆ ಬೇಕಾದ್ದೇ ಎಂದು ಎರಡು ಪೊಟ್ಟಣ ಕೊಂಡರು. ಕೊಳ್ಳುವಾಗಲೂ ಮುಖ ಮಾತ್ರ ಕಹಿ ಕಷಾಯ ಕುಡಿದಂತೆಯೇ ಇತ್ತು.

ಈಗ ಪಾತ್ರೆ ಅಂಗಡಿಯ ಬಸವರಾಜಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದ.

"ಏನಮ್ಮ, ಕೊಳ್ಳೋರು ಅವ್ರು, ನಿಲ್ಸೋರು ನೀವಾ?"

"ಸೆಟ್ಟು ಎಷ್ಟು ತೂಗ್ತೈತೆ ಸಾವ್ಕಾರ್ರೇ?"

"ಸೆಟ್ಟನ್ನ ಯಾರಾದ್ರೂ ತೂಗ್ತಾರೇನಮ್ಮ? ಸೆಟ್ಟು ಅಂದ್ರೆ ಸೆಟ್ಟು. ಬಿಡಿ ಪಾತ್ರೆ ಆದ್ರೆ ತೂಕ, ಕಿಲೋ ಅರವತ್ತೆರಡು ರೂಪಾಯಿ."

"ನಮ್ಮ ಹಳೇ ಹಿತ್ತಾಳೆ ತಂದ್ರೆ ಅಲ್ಲಿ ತೂಗ್ತೀರಲ್ಲ," ಎಂದು ಈಶ್ವರಮ್ಮ ಗೋಡೆ ಬದಿಯ ದೊಡ್ಡ ತಕ್ಕಡಿಯ ಕಡೆ ಕೈ ತೋರಿಸಿದರು. "ತರೋವಾಗ ತೂಕ, ಒಯ್ಯೋವಾಗ ಎಣಿಕೆ. ಇದ್ಯಾವ ಊರಿನ ನ್ಯಾಯ?"

ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ಇತ್ತ ತಿರುಗಿದರು. ದುರ್ಗಮ್ಮ ಈಶ್ವರಮ್ಮನ ಸೆರಗು ಎಳೆದಳು. "ಬಿಡಕ್ಕಾ, ಮುನ್ನೂರು ರೂಪಾಯಿ ಉಳೀತೈತೆ ಅಂತ ಬರ್ದವ್ರಲ್ಲ."

"ಬರೆಯೋಕೇನೆ, ಆರ್ನೂರು ಅಂತ್ಲೂ ಬರೀಬೋದಿತ್ತು."

ಮೊದಲು ಎಣಿಕೆ. ಈಶ್ವರಮ್ಮ ಸೆಟ್ಟನ್ನು ನೆಲದ ಮೇಲೆ ಬಿಡಿಸಿದರು. ಐವತ್ತೊಂದರಲ್ಲಿ ಇಪ್ಪತ್ತನಾಲ್ಕು ಚಮಚ. ಉಳಿದದ್ದು ಇಪ್ಪತ್ತೇಳು. ಅದರಲ್ಲೂ ಕಾಲಿನ ಮೇಲೆ ನಿಂತ ಆರು ಪುಟ್ಟ ಬಟ್ಟಲುಗಳು.

"ಇವೇನು?"

"ಐಸ್ ಕ್ರೀಂ ಕಪ್ಪು," ಎಂದ ಬಸವರಾಜಪ್ಪ.

"ಏನ್ ಹಾಕ್ಕೋತಾಳೆ ದುರ್ಗೀ ನಿನ್ ಮಗ್ಳು ಇದ್ರಲ್ಲಿ, ಹುಚ್ಚೆಳ್ಳು ಚಟ್ನಿನಾ?"

ಕಲ್ಲೇಶಪ್ಪ ನಕ್ಕ. ಯಜಮಾನನ ಮುಖ ನೋಡಿ ನಿಲ್ಲಿಸಿದ.

ಆಮೇಲೆ ತೂಕ. ಗಿರಾಕಿಗಳು ನೋಡುತ್ತಿದ್ದುದರಿಂದ ಬಸವರಾಜಪ್ಪ ಬೇಡವೆನ್ನಲಾಗಲಿಲ್ಲ. ಇಪ್ಪತ್ತೇಳು ಪಾತ್ರೆ, ಅದರ ಮೇಲೆ ಉಚಿತ ಬಿಂದಿಗೆ, ಎಲ್ಲ ಸೇರಿ ಹನ್ನೆರಡು ಕಿಲೋ. ಕಿಲೋಗೆ ಅರವತ್ತೆರಡರಂತೆ ಏಳುನೂರ ನಲವತ್ತನಾಲ್ಕು ರೂಪಾಯಿ. ಚಮಚ ಡಜನ್ನಿಗೆ ಒಂಬತ್ತು, ಎರಡು ಡಜನ್ನಿಗೆ ಹದಿನೆಂಟು. ಒಟ್ಟು ಏಳುನೂರ ಅರವತ್ತೆರಡು. ಬಿಂದಿಗೆಯನ್ನೂ ದುಡ್ಡು ಕೊಟ್ಟೇ ಕೊಂಡಂತೆ ಲೆಕ್ಕ ಹಾಕಿದರೂ, ಬಿಡಿಯಾಗಿ ಕೊಂಡವರಿಗೆ ನೂರ ಮೂವತ್ತೆಂಟು ರೂಪಾಯಿ ಉಳಿತಾಯ.

"ಹಂಗಾದ್ರೆ ಬೋರ್ಡಲ್ಲಿ ಸಾವಿರದ ಇನ್ನೂರು ಎಲ್ಲಿಂದ ಬಂತು?" ದುರ್ಗಮ್ಮನ ದನಿ ಮೊದಲ ಸಲ ಏರಿತು.

ಅದರ ಉತ್ತರ ಕಪಾಟಿನಲ್ಲಿತ್ತು. ಈಶ್ವರಮ್ಮ ಬಿಡಿ ಲೋಟವೊಂದನ್ನು ಕೆಳಗಿಳಿಸಿ ಸೆಟ್ಟಿನ ಲೋಟದ ಪಕ್ಕ ಇಟ್ಟರು. ಎತ್ತರ ಒಂದೇ, ಬಾಯಿಯ ಅಗಲ ಒಂದೇ, ನೀರು ಹಿಡಿಯುವುದೂ ಒಂದೇ. ಬಿಡಿ ಲೋಟ ನೂರಮೂವತ್ತು ಗ್ರಾಂ ತೂಗಿತು, ಸೆಟ್ಟಿನದು ಎಂಬತ್ತು. ತಗಡು ಅಷ್ಟು ತೆಳುವು. ಸೆಟ್ಟಿನಷ್ಟೇ ಪಾತ್ರೆಗಳನ್ನು ದಪ್ಪ ತಗಡಿನಲ್ಲಿ ಬಿಡಿಯಾಗಿ ಕೊಂಡರೆ ಸುಮಾರು ಹತ್ತೊಂಬತ್ತು ಕಿಲೋ, ಅಂದರೆ ಹತ್ತಿರಹತ್ತಿರ ಸಾವಿರದ ಇನ್ನೂರು. ಬೋರ್ಡಿನ ಅಂಕಿ ಸುಳ್ಳಲ್ಲ. ಅದು ಬೇರೆ ಸಾಮಾನಿನ ಬೆಲೆ. ಹೋಲಿಕೆ ಮಾತ್ರ ಸುಳ್ಳು. ಬರೀ ಸುಳ್ಳನ್ನಾದರೂ ಸಹಿಸಬಹುದು, ಹೀಗೆ ನಿಜದ ಅಂಕಿಗೆ ಮೈ ಒರಸಿಕೊಂಡು ನಿಂತ ಸುಳ್ಳು ಹೆಚ್ಚು ಹೇಸಿಗೆ ಹುಟ್ಟಿಸುತ್ತದೆ.

"ನಮ್ಗೆ ಬೆಂಗ್ಳೂರಿಂದ ಹಿಂಗೇ ಕಟ್ಟಿ ಬರ್ತೈತೆ ಕಣಮ್ಮ," ಎಂದ ಬಸವರಾಜಪ್ಪ. "ಜನ ಕೇಳೋದೇ ಎಣಿಕೆ. ತೂಕ ಯಾರ್ ಕೇಳ್ತಾರೆ?"

ಆ ಮಾತು ನಿಜವಾಗಿತ್ತು. ಈಶ್ವರಮ್ಮನಿಗೆ ಅಸಹ್ಯ ಬಂದದ್ದು ಅಂಗಡಿಯವನ ಮೇಲಷ್ಟೇ ಅಲ್ಲ. ಚಮಚವನ್ನು ಪಾತ್ರೆ ಎಂದು ಎಣಿಸಿಕೊಳ್ಳುವ ಬೀಗರಿಲ್ಲದಿದ್ದರೆ ಈ ಸೆಟ್ಟು ಹುಟ್ಟುತ್ತಲೇ ಇರಲಿಲ್ಲ.

"ಎಲ್ಲಾ ವಾಪಸ್ ತಗೊಂಡು ಮುಂಗಡ ಕೊಡಿ," ಎಂದರು.

"ಹೆಸ್ರು ಬಿದ್ದಿರೋದು ಆಗಲ್ಲ. ಯಗಟಿ ಶಂಕರಮ್ಮನ ತಟ್ಟೇನ ಇನ್ಯಾರಿಗೆ ಮಾರ್ಲಿ?"

ಉಚಿತ ಹೆಸರಿನ ಉಪಯೋಗ ದುರ್ಗಮ್ಮನಿಗೆ ಆಗ ತಿಳಿಯಿತು. ದುಡ್ಡು ಪೂರ್ತಿ ಕೊಡುವ ಮೊದಲೇ ಯಾಕೆ ಕೆತ್ತುತ್ತಾರೆ ಎಂದು ಅವಳು ಕೇಳಿರಲಿಲ್ಲ. ಕೆತ್ತಿದ ಮೇಲೆ ಗಿರಾಕಿ ಎಲ್ಲಿಗೂ ಹೋಗುವಂತಿಲ್ಲ. ಅವಳು ತಟ್ಟೆಯ ಮೇಲಿನ ಮಗಳ ಹೆಸರನ್ನು ಬೆರಳಿನಿಂದ ಉಜ್ಜಿದಳು, ಅಳಿಸಬಹುದೇನೋ ಎಂಬಂತೆ.

"ಆ ಹದಿಮೂರು ನಾವೇ ಇಟ್ಕೋತೀವಿ, ಸೆಟ್ಟಿನ ಬೆಲೆಗಲ್ಲ, ತೂಕಕ್ಕೆ," ಎಂದರು ಈಶ್ವರಮ್ಮ. "ಉಳಿದ ದುಡ್ಡಿಗೆ ಕಪಾಟಿಂದ ದಪ್ಪನೇವು ಕೊಡಿ. ಆಗಲ್ಲ ಅಂದ್ರೆ ಬಾಕಿ ಏಳ್ನೂರು ಇನ್ನೂ ಇವಳ ಸೊಂಟದಾಗೇ ಐತೆ. ಕಡೂರಲ್ಲೂ ಪಾತ್ರೆ ಮಾರ್ತಾರೆ."

ಬಸವರಾಜಪ್ಪ ಏಳುನೂರು ರೂಪಾಯಿಯನ್ನೂ, ಬೋರ್ಡನ್ನು ಮತ್ತೆ ಓದುತ್ತಿದ್ದ ಇಬ್ಬರು ಗಿರಾಕಿಗಳನ್ನೂ ನೋಡಿದ. "ಆಯ್ತು ತಗೊಳ್ಳಿ ತಾಯಿ. ಸ್ವಲ್ಪ ಮೆತ್ತಗೆ ಮಾತಾಡಿ," ಎಂದ.

ಆದರೆ ದುರ್ಗಮ್ಮ ಸೊಂಟದ ಚೀಲಕ್ಕೆ ಕೈ ಹಾಕಲಿಲ್ಲ. "ಐವತ್ತೊಂದಕ್ಕೆ ಏನ್ ಮಾಡ್ಲಕ್ಕ? ಕಮ್ಮಿ ಆದ್ರೆ ಅಂಜಿನಪ್ಪ ಚಪ್ಪರದಾಗೇ ಮಾನ ಕಳೀತಾನೆ. ತೆಳುವೋ ದಪ್ಪವೋ, ಎಣಿಕೆ ಸರಿಯಾಗಿದ್ರೆ ಬಾಯಿ ಮುಚ್ಚಿರ್ತಿದ್ದ."

"ಬಾಯಿ ಮುಚ್ಚಿ ಇರ್ತಿದ್ದ. ನಿನ್ ಮಗ್ಳು ವರ್ಷದೊಳಗೆ ಸೊಟ್ಟಗಾದ ಡಬರೀಲಿ ಮುದ್ದೆ ತಿರುವುತಿದ್ಲು. ಯಾರಿಗೆ ಕೊಡ್ತಿದ್ದೀಯೆ ಪಾತ್ರೆ? ಅವ್ನಿಗೋ, ಅವಳಿಗೋ?"

ದುರ್ಗಮ್ಮ ಮಗಳ ಹೆಸರಿದ್ದ ತಟ್ಟೆಯನ್ನು ಪಕ್ಕಕ್ಕಿಟ್ಟಳು. ನಂತರ ಸೊಂಟದ ಚೀಲ ಬಿಚ್ಚಿ ದುಡ್ಡು ತೆಗೆದಳು. "ಚಪ್ಪರದಾಗೆ ನೀನೇ ಉತ್ತರ ಕೊಡ್ಬೇಕು," ಎಂದಳು.

ಹೆಸರು ಬಿದ್ದ ಹದಿಮೂರು ಮೂರು ಕಿಲೋ ತೂಗಿದವು. ಹೊಸದಾಗಿ ಆರಿಸಿದ ಹನ್ನೊಂದು ದಪ್ಪ ಪಾತ್ರೆ, ಬಿಂದಿಗೆಯೂ ಸೇರಿ, ಹನ್ನೊಂದೂವರೆ ಕಿಲೋ. ಒಟ್ಟು ಎಂಟುನೂರ ತೊಂಬತ್ತೊಂಬತ್ತು ರೂಪಾಯಿ. ಉಳಿದ ಒಂದು ರೂಪಾಯಿಯನ್ನು ಈಶ್ವರಮ್ಮ ಕೇಳಿ ಪಡೆದರು.

ಮೇ ತಿಂಗಳಲ್ಲಿ ಅಜ್ಜಂಪುರದ ಚಪ್ಪರದಲ್ಲಿ ಧಾರೆ ಮುಗಿದ ಮೇಲೆ ಜಮಖಾನ ಹಾಸಿದರು. ಹುಡುಗಿಯನ್ನು ಕೂರಿಸಿದ ಜಾಗಕ್ಕಿಂತ ಪಾತ್ರೆ ಇಟ್ಟ ಜಾಗದಲ್ಲೇ ಜನ ಹೆಚ್ಚಿದ್ದರು. ಕೆಲವರು ಲೋಟ ಮಗುಚಿ ತಳ ನೋಡುತ್ತಿದ್ದರು. ಲೆಕ್ಕ ಕೂಗಲು ನಿಂತಿದ್ದ ಗಂಡಿನ ಕಡೆಯ ಹಿರಿಯರು ನಂಜುಂಡಪ್ಪನವರಿಗೆ ಅಡ್ಡಬಂದು ಅಂಜಿನಪ್ಪ ತಾನೇ ಕೋಲಿನಿಂದ ತಟ್ಟಿ ತಟ್ಟಿ ಎಣಿಸಿದ. ಇಪ್ಪತ್ತನಾಲ್ಕಕ್ಕೆ ಕೋಲು ನಿಂತಿತು.

"ಏನಮ್ಮ ಇದು? ಐವತ್ತೊಂದು ಅಂದಿದ್ದು. ಅರ್ಧಾನೂ ಇಲ್ವಲ್ಲ!"

ದುರ್ಗಮ್ಮ ತಲೆ ತಗ್ಗಿಸಿದಳು. ಶಂಕರಮ್ಮನ ಕಣ್ಣು ತುಂಬಿತು. ಹೆಂಗಸರ ಸಾಲಿನಿಂದ ಈಶ್ವರಮ್ಮ ಎದ್ದು ಬಂದರು. ಆ ಕೋಲನ್ನು ನೋಡಿದ ನೋಟದಲ್ಲಿ ಮರ್ಯಾದೆ ಏನೂ ಇರಲಿಲ್ಲ.

"ಕೋಲಲ್ಲಿ ಕುಟ್ಟಬೇಡಿ, ಬೀಗ್ರೇ. ಕೈಯಲ್ಲಿ ಎತ್ತಿ ನೋಡಿ."

ಅಂಜಿನಪ್ಪ ಅಲಕ್ಷ್ಯದಿಂದ ದಪ್ಪ ತಗಡಿನ ದೊಡ್ಡ ಡಬರಿಯ ಕಂಠಕ್ಕೆ ಒಂದು ಕೈ ಹಾಕಿದ. ಎತ್ತಿದ್ದು ಅರ್ಧಕ್ಕೆ ವಾಲಿತು, ಇನ್ನೊಂದು ಕೈಯನ್ನೂ ಕೊಡಬೇಕಾಯಿತು. ಹಿಂದಿನಿಂದ ಅವನ ಹೆಂಡತಿ ಕಾಮಾಕ್ಷಮ್ಮನೇ ಬಂದು ಡಬರಿಯನ್ನು ಬೆರಳಿನಿಂದ ಬಾರಿಸಿ, "ನಮ್ಮನೇಲಿ ಇಷ್ಟು ಗಟ್ಟಿಯಾಗಿರೋದು ಒಂದೂ ಇಲ್ಲ ಬಿಡಿ," ಎಂದಳು. ಜನ ನಕ್ಕರು. ಅಂಜಿನಪ್ಪ ಡಬರಿಯನ್ನು ಮೆಲ್ಲಗೆ ಕೆಳಗಿಟ್ಟು ಪಂಕ್ತಿಯ ಕಡೆ ಹೋದ.

ನಂಜುಂಡಪ್ಪ ಮಾತ್ರ ಗೊಂದಲದಲ್ಲಿ ನಿಂತಿದ್ದರು. "ಈಗ ಏನಂತ ಕೂಗ್ಲಮ್ಮ? ಪದ್ಧತಿ ಪ್ರಕಾರ ಲೆಕ್ಕ ಹೇಳ್ಬೇಕಲ್ಲ."

"ನಾನೇ ಹೇಳ್ತೀನಿ," ಎಂದು ಈಶ್ವರಮ್ಮ ಚಪ್ಪರದ ಕೊನೆಯ ಕಂಬದವರೆಗೂ ಕೇಳುವಂತೆ ದನಿ ಎತ್ತಿದರು. "ಹದಿನಾಲ್ಕೂವರೆ ಕಿಲೋ."